ಬಿಲ್‌ನಲ್ಲಿ ಜಿಎಸ್‌ಟಿ ವಿವರ ಇಲ್ಲ ಅಂತ 10,750 ರೂಪಾಯಿ ತಡೆ ಹಿಡಿದಿದ್ದಾರೆ, ಇದು ಸರೀನಾ?

ಬೇರಿಂಗ್ ಬಳ್ಳಾರಿ

ನಮಸ್ಕಾರ. ನಾನು ಬಳ್ಳಾರಿಯಲ್ಲಿ ಒಂದು ಮೋಟಾರ್ ಸರ್ವಿಸ್ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಫೀಲ್ಡ್ ಕೆಲಸ. ಹೋದ ತಿಂಗಳು ರಾಯಚೂರಿನ ಜಿನ್ನಿಂಗ್ ಮಿಲ್ ಒಂದರಲ್ಲಿ ಮೋಟಾರ್ ಕೂತ್ಕೊಂಡಿತ್ತು, ಅದನ್ನ ಮುಗಿಸಿ ಅಲ್ಲಿಂದಲೇ ಆದೋನಿಗೆ ಹೋಗಿ ಇನ್ನೊಂದು ಮಿಲ್ ನೋಡಿಕೊಂಡು ಬಾ ಅಂದರು. ಮೂರು ರಾತ್ರಿ ಹೊರಗೆ. ಖರ್ಚೆಲ್ಲ ನನ್ನ ಜೇಬಿಂದ, ಬಂದ ಮೇಲೆ ಬಿಲ್ ಕೊಡು ಅಂತ ಹೇಳಿದ್ದರು.

ಕೊಟ್ಟೆ. ರಾಯಚೂರು ಲಾಡ್ಜ್ ಎರಡು ರಾತ್ರಿಗೆ 2,940. ಆದೋನಿ ಲಾಡ್ಜ್ ಒಂದು ರಾತ್ರಿ 1,680. ಊಟ 640, ಅದು ಖಾನಾವಳಿ ಚೀಟಿ. ಬಸ್ಸು 420, ಎಲ್ಲ ಟಿಕೆಟ್ ಇವೆ. ಆಟೋ 350, ಅದಕ್ಕೆ ಏನೂ ಇಲ್ಲ. ಆಮೇಲೆ ರಾಯಚೂರಿನಲ್ಲೇ ಕೊಂಡ ಎರಡು 6312 ಬೇರಿಂಗ್ 3,900, ಆಯಿಲ್ ಸೀಲ್ ಮತ್ತೆ ಗ್ರೀಸ್ 820, ಅದು ಸೇರಿ 4,720. ಒಟ್ಟು 10,750.

ನಮ್ಮ ಅಕೌಂಟ್ಸ್ ಮೇಡಂ ಇಡೀ ಕಟ್ಟು ವಾಪಸ್ ಕಳಿಸಿದ್ದಾರೆ. ಮೇಲೆ ಕೆಂಪು ಪೆನ್ನಲ್ಲಿ ‘ಜಿಎಸ್‌ಟಿ ವಿವರ ಇಲ್ಲ, ಸರಿಪಡಿಸಿ ಕೊಡಿ’ ಅಂತ ಬರೆದಿದ್ದಾರೆ. ಯಾವ ಬಿಲ್‌ನಲ್ಲಿ ಏನಿಲ್ಲ ಅಂತ ಇಲ್ಲ. ನಲವತ್ತು ದಿನ ಆಯ್ತು. ಮನೆ ಬಾಡಿಗೆ ದುಡ್ಡು ಅದರಲ್ಲಿ ಹೋಗಿದೆ. ಖಾನಾವಳಿ ಅಕ್ಕನ ಹತ್ತಿರ ಹೋಗಿ ಜಿಎಸ್‌ಟಿ ಕೇಳೋಕಾಗುತ್ತಾ? ಅವರು ನಿಜವಾಗಿ ಏನೇನು ಕೇಳಬಹುದು, ಏನು ಕೇಳೋ ಹಾಗಿಲ್ಲ, ಗೊತ್ತಿದ್ದವರು ಹೇಳಿ.

ಆಡಿಟ್ ಹುಡುಗ

ಅಣ್ಣ, ನಿಮ್ಮ ಮೇಡಂ ಮಾಡಿದ್ದು ಸರಿಯಾಗೇ ಇದೆ. ನಾನು ಆಡಿಟರ್ ಆಫೀಸಲ್ಲಿ ಎರಡು ವರ್ಷದಿಂದ ಇದ್ದೀನಿ. ಜಿಎಸ್‌ಟಿ ನಂಬರ್ ಇಲ್ಲದ ಬಿಲ್ ಅಂದ್ರೆ ಅದು ಖರ್ಚಿಗೇ ಹಿಡಿಯಲ್ಲ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಆ ಖರ್ಚು ಒಪ್ಪಲ್ಲ, ಕಂಪನಿ ಲಾಭಕ್ಕೆ ಸೇರಿಸಿ ಟ್ಯಾಕ್ಸ್ ಹಾಕ್ತಾರೆ. ಅದಕ್ಕೇ ಅವರು ಕಟ್ಟುನಿಟ್ಟು.

ಲೆಕ್ಕದಕ್ಕ

ತಮ್ಮಾ, ಅರ್ಧ ಸರಿ, ಅರ್ಧ ತಪ್ಪು. ಖರ್ಚು ಒಪ್ಪಬೇಕಾದರೆ ಸಾಕ್ಷಿ ಬೇಕು, ಅಷ್ಟು ನಿಜ. ಆ ಸಾಕ್ಷಿ ಜಿಎಸ್‌ಟಿ ಬಿಲ್ಲೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಹಾಗಿದ್ದರೆ ಬಸ್ ಟಿಕೆಟ್, ಪೆಟ್ರೋಲು, ಹಳ್ಳಿ ಖಾನಾವಳಿ, ಒಂದನ್ನೂ ಯಾವ ಕಂಪನಿಯೂ ಖರ್ಚಿಗೆ ಹಾಕೋ ಹಾಗೇ ಇರ್ತಿರಲಿಲ್ಲ. ಯಾರಿಗೆ, ಯಾವತ್ತು, ಎಷ್ಟು, ಯಾವ ಕೆಲಸಕ್ಕೆ. ಇಷ್ಟು ನಂಬೋ ಹಾಗೆ ಇದ್ದರೆ ಆಯ್ತು. ನಗದಿನದು ಬೇರೆ ವಿಷಯ, ಒಬ್ಬರಿಗೆ ಒಂದು ದಿನಕ್ಕೆ ಹತ್ತು ಸಾವಿರ ದಾಟಿ ನಗದು ಕೊಟ್ಟರೆ ತೊಂದರೆ. ಇಲ್ಲಿ ಆ ಮಾತೇ ಬರಲ್ಲ.

ನಾನು ಹದಿನೆಂಟು ವರ್ಷ ಕಂಪನಿ ಅಕೌಂಟ್ಸ್ ನೋಡಿದವಳು, ಈಗ ಕೊಪ್ಪಳದಲ್ಲಿ ಮನೆಯಿಂದಲೇ ನಾಲ್ಕೈದು ಫ್ಯಾಕ್ಟರಿಗಳ ಲೆಕ್ಕ ಬರೀತೀನಿ. ಈ ಜಗಳ ಎಲ್ಲಾ ಕಡೆ ಒಂದೇ ಥರ. ಎರಡು ಬೇರೆ ಬೇರೆ ಪ್ರಶ್ನೆಗಳನ್ನ ಒಂದೇ ಚೀಟಿಗೆ ಕಟ್ಟಿಬಿಡ್ತಾರೆ. ಹುಡುಗ ಕಂಪನಿ ಕೆಲಸಕ್ಕೆ ದುಡ್ಡು ಖರ್ಚು ಮಾಡಿದ್ನಾ ಅನ್ನೋದು ಒಂದು. ಆ ಖರ್ಚಲ್ಲಿರೋ ತೆರಿಗೆ ಕಂಪನಿಗೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತಾ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಹೌದು ಅಂದರೆ ಹುಡುಗನಿಗೆ ದುಡ್ಡು ಕೊಡಬೇಕು, ಅಷ್ಟೇ. ಎರಡನೇದು ಕಂಪನಿಗೂ ಸರ್ಕಾರಕ್ಕೂ ಇರೋ ವ್ಯವಹಾರ, ಅದಕ್ಕೆ ಇವನ ಮನೆ ಬಾಡಿಗೆ ಯಾಕೆ ನಿಲ್ಲಬೇಕು?

ನಿಮ್ಮ ಬಿಲ್ ಒಂದೊಂದೇ ನೋಡೋಣ. ಬಸ್ ಟಿಕೆಟ್: ಎಸಿ ಇಲ್ಲದ ಬಸ್ಸಿಗೆ ಜಿಎಸ್‌ಟಿನೇ ಇಲ್ಲ. ಕೆಕೆಆರ್‌ಟಿಸಿ ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿದರೂ ಸಿಗಲ್ಲ. ರಸ್ತೆ ಬದಿ ಕೈ ಮಾಡಿ ಹತ್ತೋ ಆಟೋಗೂ ಇಲ್ಲ. ಖಾನಾವಳಿಯವರು ರಿಜಿಸ್ಟರ್ ಆಗೋ ಮಟ್ಟದ ವ್ಯಾಪಾರ ಇಲ್ಲದಿದ್ದರೆ ತೆರಿಗೆ ಹಾಕೋ ಹಾಗೇ ಇಲ್ಲ. ಹಾಕಿದ್ದರೇ ತಪ್ಪು. ಒಂದು ವೇಳೆ ದೊಡ್ಡ ಹೋಟೆಲಲ್ಲಿ ಊಟ ಮಾಡಿ ಕಂಪನಿ ನಂಬರ್ ಹಾಕಿಸಿ ನೀಟಾದ ಬಿಲ್ ತಂದಿದ್ದರೂ ಊಟದ ತೆರಿಗೆಗೆ ಕ್ರೆಡಿಟ್ ಕೊಡಲ್ಲ ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಊಟದ ಬಿಲ್‌ಗೆ ಜಿಎಸ್‌ಟಿ ಕೇಳೋದೇ ದಂಡ. ತಾರೀಖು, ಮೊತ್ತ, ಎಲ್ಲಿ ತಿಂದಿದ್ದು, ಇಷ್ಟು ಸಾಕು.

ಇನ್ನು ಲಾಡ್ಜ್ ಎರಡು ಮತ್ತೆ ಬೇರಿಂಗು. ಅಲ್ಲಿ ಮಾತ್ರ ಮೇಡಂ ಕೇಳೋದರಲ್ಲಿ ಅರ್ಥ ಇರಬಹುದು. ಆ ಬಿಲ್‌ಗಳಲ್ಲಿ ಏನಿದೆ ಅಂತ ಸ್ವಲ್ಪ ಬರೀರಿ.

ಬೇರಿಂಗ್ ಬಳ್ಳಾರಿ

ಅಕ್ಕಾ, ತುಂಬಾ ಥ್ಯಾಂಕ್ಸ್. ರಾಯಚೂರು ಲಾಡ್ಜ್ ಬಿಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ಇದೆ, 2,800ಕ್ಕೆ 5 ಪರ್ಸೆಂಟ್ ಹಾಕಿ 140 ಅಂತ ಬೇರೆ ತೋರಿಸಿದ್ದಾರೆ. ಆದರೆ ಬಿಲ್ ನನ್ನ ಹೆಸರಲ್ಲಿದೆ, ಕಂಪನಿ ನಂಬರ್ ಇಲ್ಲ. ಆದೋನಿಯಲ್ಲಿ ನಾನು ಬುದ್ಧಿವಂತ ಆಗಿದ್ದೆ. ಆಫೀಸಿಗೆ ಫೋನ್ ಮಾಡಿ ಕಂಪನಿ ನಂಬರ್ ತಗೊಂಡು ಹಾಕಿಸಿದೆ, 1,600 ಮೇಲೆ 80. ಬೇರಿಂಗ್ ಅಂಗಡಿದು ಬಿಲ್ ಅನ್ನೋಕಾಗಲ್ಲ, ಹಳದಿ ಚೀಟಿ, ಮೇಲೆ ‘ಎಸ್ಟಿಮೇಟ್’ ಅಂತ ಪ್ರಿಂಟ್ ಇದೆ. ಅಂಗಡಿ ಹೆಸರೂ ಇಲ್ಲ, ಬರೀ ಫೋನ್ ನಂಬರು.

ಲೆಕ್ಕದಕ್ಕ

ತಮಾಷೆ ನೋಡಿ. ನೀವು ಕಷ್ಟಪಟ್ಟು ನಂಬರ್ ಹಾಕಿಸಿದ ಆದೋನಿ ಬಿಲ್ಲೇ ಕ್ರೆಡಿಟ್‌ಗೆ ಉಪಯೋಗ ಇಲ್ಲದ್ದು. ಲಾಡ್ಜ್ ಯಾವ ರಾಜ್ಯದಲ್ಲಿದೆಯೋ ತೆರಿಗೆ ಆ ರಾಜ್ಯದ್ದು. ಅವರ ಜಿಎಸ್‌ಟಿ ನಂಬರ್ 37ರಿಂದ ಶುರು ಆಗುತ್ತೆ, ಆಂಧ್ರ. ನಿಮ್ಮ ಕಂಪನಿದು 29, ಕರ್ನಾಟಕ. ಅಲ್ಲಿ ಕಟ್ಟಿದ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಎರಡೂ ಕರ್ನಾಟಕದ ರಿಜಿಸ್ಟ್ರೇಷನ್‌ಗೆ ಬರಲ್ಲ. ಆಂಧ್ರದಲ್ಲೂ ರಿಜಿಸ್ಟ್ರೇಷನ್ ಇದ್ದು ಆ ನಂಬರ್ ಕೊಟ್ಟಿದ್ದರೆ ಬೇರೆ ಮಾತು. ಇಲ್ಲಾಂದ್ರೆ ಇಡೀ 1,680 ಖರ್ಚು ಅಂತ ಬರೆದು ಮುಗಿಸಬೇಕು. ಹೈದರಾಬಾದ್, ಕರ್ನೂಲು, ಗುಂತಕಲ್ಲು ಎಲ್ಲಾ ಇದೇ ಕಥೆ. ಬಳ್ಳಾರಿ ರಾಯಚೂರು ಕಡೆಯವರು ವಾರಕ್ಕೆ ಎರಡು ಸಲ ಗಡಿ ದಾಟ್ತೀವಿ, ಆದರೂ ಅಕೌಂಟ್ಸ್‌ನವರಿಗೆ ಇದು ಹೊಳೆಯಲ್ಲ.

ರಾಯಚೂರಿನ 140 ರೂಪಾಯಿ ಮಾತ್ರ ಸಿಗಬಹುದಾಗಿದ್ದ ದುಡ್ಡು. ಕಂಪನಿ ನಂಬರ್ ಇಲ್ಲದ್ದರಿಂದ ಲಾಡ್ಜ್‌ನವರು ಅದನ್ನ ಮಾಮೂಲಿ ಗಿರಾಕಿ ಲೆಕ್ಕಕ್ಕೆ ಹಾಕಿರ್ತಾರೆ, ಹಾಗಾಗಿ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಅಂದರೆ ನಿಮ್ಮ ಕಂಪನಿಯ `GSTR-2B`ಯಲ್ಲಿ ಅದು ಕಾಣಲ್ಲ. ಅಲ್ಲಿ ಕಾಣದೇ ಇದ್ದರೆ ಕ್ರೆಡಿಟ್ ಇಲ್ಲ. ಮೇಡಂ ಅವರಿಗೆ ಬಿಲ್ ಕೈಯಲ್ಲಿ ಇರೋದಕ್ಕಿಂತ ಅಲ್ಲಿ ಬಂದಿದೆಯಾ ಅನ್ನೋದು ಮುಖ್ಯ.

ಅಂದಹಾಗೆ ಕೆಲವು ಅಕೌಂಟ್ಸ್‌ನವರು ಎಚ್‌ಎಸ್‌ಎನ್ ಕೋಡ್ ಇಲ್ಲ, ಸಹಿ ಇಲ್ಲ ಅಂತೆಲ್ಲ ಬಿಲ್ ಎಸೀತಾರೆ. ತೆರಿಗೆ ಎಷ್ಟು, ಏನು ಸಾಮಾನು, ಒಟ್ಟು ಮೌಲ್ಯ, ಕೊಟ್ಟವರ ನಂಬರ್, ತಗೊಂಡವರ ನಂಬರ್, ಬೇರೆ ರಾಜ್ಯದ್ದಾದರೆ ಯಾವ ರಾಜ್ಯಕ್ಕೆ ಅನ್ನೋದು. ಇಷ್ಟಿದ್ದರೆ ಬೇರೆ ಸಣ್ಣಪುಟ್ಟ ವಿವರ ಬಿಟ್ಟುಹೋಗಿದ್ದರೂ ಕ್ರೆಡಿಟ್ ತಗೋಬಹುದು ಅಂತ ನಿಯಮ 36ರಲ್ಲೇ ಇದೆ.

ಮೇಷ್ಟ್ರು ಲಿಂಗಸುಗೂರು

ನಮ್ಮ ಟಿಎ ಬಿಲ್‌ಗೆ ಇದ್ಯಾವುದೂ ಕೇಳಲ್ಲ ಸಾರ್. ದಿನಭತ್ಯೆ ಇಷ್ಟು ಅಂತ ಇದೆ, ಟಿಕೆಟ್ ಹಚ್ಚಿ ಕೊಡ್ತೀವಿ, ಆರು ತಿಂಗಳಿಗೆ ಬರುತ್ತೆ. ನನ್ನ ಪ್ರಶ್ನೆ ಏನಂದ್ರೆ, ಚುನಾವಣೆ ಟ್ರೇನಿಂಗ್‌ಗೆ ಹೋದಾಗ ನಾನೂ ಲಾಡ್ಜ್‌ನಲ್ಲಿ ಜಿಎಸ್‌ಟಿ ಕೊಟ್ಟಿದ್ದೆ, ಆ ತೆರಿಗೆ ನನಗೆ ವಾಪಸ್ ಬರುತ್ತಾ? ಯಾವ ಫಾರಂ ತುಂಬಬೇಕು?

ಲೆಕ್ಕದಕ್ಕ

ಇಲ್ಲ ಮೇಷ್ಟ್ರೇ. ಜಿಎಸ್‌ಟಿ ರಿಜಿಸ್ಟ್ರೇಷನ್ ಇದ್ದು ವ್ಯಾಪಾರಕ್ಕೆ ಬಳಸಿದವರಿಗೆ ಮಾತ್ರ ಕ್ರೆಡಿಟ್. ನಿಮ್ಮದು ಅಲ್ಲಿಗೇ ಮುಗೀತು. ಆದರೆ ದಿನಭತ್ಯೆ ಅನ್ನೋದು ಒಳ್ಳೇ ಉಪಾಯ, ಖಾಸಗಿ ಕಂಪನಿಯವರು ಊಟಕ್ಕೆ ಅದನ್ನೇ ಮಾಡಬೇಕು.

ಹೊಸಪೇಟೆ ಲಾಡ್ಜು

ನಾನು ಲಾಡ್ಜ್ ನಡೆಸೋನು, ನಮ್ಮ ಕಷ್ಟಾನೂ ಕೇಳಿ. ಹಂಪಿ ನೋಡೋಕೆ ಬಂದವರು, ಫ್ಯಾಕ್ಟರಿ ಕೆಲಸಕ್ಕೆ ಬಂದವರು, ಎಲ್ಲಾ ಬರ್ತಾರೆ. ರೂಮ್ ಬಿಡೋವಾಗ ಕೌಂಟರಲ್ಲಿ ‘ಕಂಪನಿ ಬಿಲ್ಲಾ ಸಾರ್, ನಂಬರ್ ಇದ್ದರೆ ಕೊಡಿ’ ಅಂತ ಹುಡುಗ ಕೇಳೇ ಕೇಳ್ತಾನೆ. ‘ಬೇಡಪ್ಪ, ಬಸ್ ಹೋಗುತ್ತೆ’ ಅಂತ ಓಡ್ತಾರೆ. ಮೂರು ವಾರ ಆದ ಮೇಲೆ ಫೋನ್ ಬರುತ್ತೆ, ನಂಬರ್ ಹಾಕಿ ಬೇರೆ ಬಿಲ್ ಕೊಡಿ ಅಂತ. ಅಷ್ಟರಲ್ಲಿ 11ನೇ ತಾರೀಖು ದಾಟಿ ನಾನು ರಿಟರ್ನ್ ಹಾಕಿರ್ತೀನಿ. ಅದೇ ತಿಂಗಳೊಳಗೆ ಕೇಳಿದರೆ ಹಳೇದು ರದ್ದು ಮಾಡಿ ಹೊಸದು ಕೊಡೋದು ಐದು ನಿಮಿಷದ ಕೆಲಸ. ರಿಟರ್ನ್ ಹಾಕಿದ ಮೇಲೆ ಮುಂದಿನ ತಿಂಗಳದಲ್ಲಿ ಅಲ್ಲಿ ಕಡಿಮೆ ಮಾಡು, ಇಲ್ಲಿ ಸೇರಿಸು ಅಂತ ತಿದ್ದುಪಡಿ. ನಮ್ಮ ಅಕೌಂಟೆಂಟ್ ಅದಕ್ಕೇ ಬೇರೆ ಫೀಸ್ ಕೇಳ್ತಾನೆ. 140 ರೂಪಾಯಿಗೆ ಯಾರು ಮಾಡ್ತಾರೆ ಹೇಳಿ? ಮೊದಲು 12 ಪರ್ಸೆಂಟ್ ಇದ್ದಾಗ ಸ್ವಲ್ಪ ಅರ್ಥ ಇತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ಒಳಗಿನ ರೂಮಿಗೆ 5 ಪರ್ಸೆಂಟ್ ಆದ ಮೇಲೆ ಅದೂ ಇಲ್ಲ.

ಕಂಪನಿಯವರು ತಮ್ಮ ಹುಡುಗರಿಗೆ ಒಂದು ಕಾರ್ಡ್ ಪ್ರಿಂಟ್ ಹಾಕಿಸಿ ಕೊಡಲಿ. ಕಂಪನಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್. ಕೌಂಟರಲ್ಲಿ ಇಟ್ಟರೆ ನಮ್ಮ ಹುಡುಗ ನೋಡಿ ಹೊಡೀತಾನೆ. ಫೋನಲ್ಲಿ ಹದಿನೈದು ಅಕ್ಷರ ಹೇಳಿಸಿಕೊಂಡು ಬರೆದರೆ ಬಿ ಇದ್ದದ್ದು ಡಿ ಆಗುತ್ತೆ, ಆಮೇಲೆ ಅದಕ್ಕೂ ಜಗಳ.

ಗಂಗಾವತಿ ಗಿರಣಿ

ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋತೀರಿ? 4,720 ಅನ್ನ 1.18ರಿಂದ ಭಾಗಿಸಿ ನೋಡ್ರಿ. ಸರಿಯಾಗಿ ನಾಲ್ಕು ಸಾವಿರ ಬರುತ್ತೆ. ಅಂದ್ರೆ ಒಳಗಡೆ 720 ಜಿಎಸ್‌ಟಿ ಇದೆ. ಚೀಟಿ ಹಿಂದೆ ಹಾಗೆ ಬರೆದು ಕೊಡ್ರಿ, 720 ಕ್ರೆಡಿಟ್ ಹಾಕಿಕೊಳ್ಳಲಿ. ನಮ್ಮ ಗಿರಣಿಯಲ್ಲಿ ಮೊದಲು ಹಾಗೇ ಮಾಡ್ತಿದ್ವಿ.

ಲೆಕ್ಕದಕ್ಕ

ಅಯ್ಯೋ, ಬೇಡ. ತೆರಿಗೆ ಎಷ್ಟು ಅಂತ ಬಿಲ್ ಕೊಟ್ಟವನು ಬರೆಯಬೇಕು, ನಾವು ಭಾಗಾಕಾರ ಮಾಡಿ ಬರೆಯೋದಲ್ಲ. ಅವನು ಸರ್ಕಾರಕ್ಕೆ ತೋರಿಸಿಲ್ಲ ಅಂದರೆ ನಿಮ್ಮ ಕ್ರೆಡಿಟ್ ಗಾಳೀಲಿ ನಿಂತ ಹಾಗೆ. ಅದನ್ನ ಬಳಸಿಕೊಂಡು ಆಮೇಲೆ ನೋಟಿಸ್ ಬಂದರೆ ತೆರಿಗೆ ಜೊತೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಮೊದಲು ಮಾಡ್ತಿದ್ರಿ ಅಂದ್ರಲ್ಲ, ಆ ವರ್ಷಗಳ ಫೈಲ್ ಒಂದ್ಸಲ ನಿಮ್ಮ ಆಡಿಟರ್‌ಗೆ ತೋರಿಸಿ.

ಆದರೆ ಬೇರಿಂಗ್ ವಿಷಯದಲ್ಲಿ ನಾನು ಮೇಡಂ ಕಡೆ. ಇದೊಂದು ಬಿಲ್ಲಿಗೆ ಅವರು ಹಟ ಹಿಡಿಯಬೇಕು. ಎಸ್ಟಿಮೇಟ್ ಚೀಟಿ ಅಂದರೆ ಕಚ್ಚಾ ಬಿಲ್. ಅದರಲ್ಲಿ ಅಂಗಡಿ ಹೆಸರಿಲ್ಲ, ಸರಣಿ ನಂಬರ್ ಇಲ್ಲ, ನಾಳೆ ಬೇರಿಂಗ್ ಕೆಟ್ಟರೆ ಗ್ಯಾರಂಟಿ ಕೇಳೋಕೂ ದಾಖಲೆ ಇಲ್ಲ. ನಿಮ್ಮ ಕಂಪನಿ ಆ ಬೇರಿಂಗ್ ದುಡ್ಡನ್ನ ಮಿಲ್‌ನವರಿಗೆ ತನ್ನ ಬಿಲ್‌ನಲ್ಲಿ 18 ಪರ್ಸೆಂಟ್ ಹಾಕಿ ಮಾರಿರುತ್ತೆ. ಮಾರಿದ್ದಕ್ಕೆ ತೆರಿಗೆ ಕಟ್ಟಿ, ಕೊಂಡಿದ್ದಕ್ಕೆ ಕ್ರೆಡಿಟ್ ಇಲ್ಲ ಅಂದರೆ ನಷ್ಟ ನೇರವಾಗಿ ಜೇಬಿಗೆ. ಊಟದ ಚೀಟಿ ಹಾಗಲ್ಲ. ಅಂಗಡಿಗೆ ಹೋಗಿ ಕಂಪನಿ ನಂಬರ್ ಕೊಟ್ಟು ಪಕ್ಕಾ ಬಿಲ್ ಕೇಳಿ. ಆ ಆರ್ಥಿಕ ವರ್ಷದ ಕ್ರೆಡಿಟ್‌ಗೆ ಮುಂದಿನ ನವೆಂಬರ್ 30ರ ತನಕ ಅವಕಾಶ ಇರುತ್ತೆ, ಗಾಬರಿ ಬೇಡ.

ಮತ್ತೆ ಬಿಲ್ ಸಿಕ್ಕಿದ ಕೂಡಲೇ ಅವರ ನಂಬರ್ ಅನ್ನ ಜಿಎಸ್‌ಟಿ ಸೈಟಿನ `Search Taxpayer`ನಲ್ಲಿ ಹಾಕಿ ನೋಡಿ. ಲಾಗಿನ್ ಬೇಡ. ಅಂಗಡಿ ಹೆಸರು ಬರುತ್ತಾ, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ರೆಗ್ಯುಲರ್ರಾ ಕಾಂಪೊಸಿಷನ್ನಾ, ಎಲ್ಲ ತೋರಿಸುತ್ತೆ. ಕಾಂಪೊಸಿಷನ್ ಅಂತ ಬಂದರೆ ಅವನು ಗಿರಾಕಿ ಹತ್ತಿರ ತೆರಿಗೆ ತಗೊಳ್ಳೋ ಹಾಗೇ ಇಲ್ಲ, ಬಿಲ್ ಮೇಲೆ ಅದನ್ನ ಬರೆದೂ ಇರಬೇಕು. ನಂಬರ್ ಇದ್ದ ತಕ್ಷಣ ಕ್ರೆಡಿಟ್ ಇದೆ ಅಂದುಕೊಳ್ಳೋದು ದೊಡ್ಡ ತಪ್ಪು.

ವೋಚರ್ ವನಜ

ನಾನು ನಿಮ್ಮ ಮೇಡಂ ಜಾಗದಲ್ಲಿ ಕೂರೋಳು, ಬೇರೆ ಕಂಪನಿಯಲ್ಲಿ. ಸುಮ್ನೆ ಎಲ್ಲರೂ ಅಕೌಂಟ್ಸ್‌ನವರನ್ನ ಬೈಯ್ತೀರಾ. ಒಬ್ಬ ಹುಡುಗ ನಾಲ್ಕು ತಿಂಗಳು ಒಂದೇ ಹೋಟೆಲ್ ಬಿಲ್ ತಂದ. ತಿಂಗಳಿಗೆ ಮೂರು. ಒಂದು ದಿನ ಎಲ್ಲಾ ಜೋಡಿಸಿ ನೋಡಿದರೆ ಸರಣಿ ನಂಬರು 41ರಿಂದ 52ರವರೆಗೆ ಒಂದೂ ಬಿಡದೆ ಇದೆ. ನಾಲ್ಕು ತಿಂಗಳಲ್ಲಿ ಆ ಹೋಟೆಲಿಗೆ ಇವನು ಬಿಟ್ಟರೆ ಬೇರೆ ಗಿರಾಕಿನೇ ಬಂದಿಲ್ವಾ? ಬಿಲ್ ಪುಸ್ತಕವೇ ಇವನ ಬ್ಯಾಗಲ್ಲಿತ್ತು. ಇನ್ನೊಬ್ಬ ತಂದ ಬಿಲ್‌ನಲ್ಲಿ ಜಿಎಸ್‌ಟಿ 5 ಪರ್ಸೆಂಟ್ ಅಂತ ತೆರಿಗೆ ಸೇರಿಸಿದ್ದಾರೆ, ನಂಬರ್ ಜಾಗ ಖಾಲಿ. ಅದನ್ನೆಲ್ಲ ನೋಡಿದ ಮೇಲೆ ‘ಜಿಎಸ್‌ಟಿ ಬಿಲ್ ಮಾತ್ರ’ ಅಂತ ನಿಯಮ ಮಾಡಿದ್ವಿ. ಈಗ ಹೇಳಿ, ತಪ್ಪಾ?

ಲೆಕ್ಕದಕ್ಕ

ವನಜಾ, ನೀವು ಹಿಡಿದಿದ್ದು ಸರಿ, ಮಾಡಿದ ನಿಯಮ ತಪ್ಪು. ಆ ಹುಡುಗನನ್ನ ಹಿಡಿದಿದ್ದು ಸರಣಿ ನಂಬರ್, ಜಿಎಸ್‌ಟಿ ಅಲ್ಲ. ‘ಜಿಎಸ್‌ಟಿ ಬಿಲ್ ಮಾತ್ರ’ ಅಂದ ಮೇಲೆ ಏನಾಗುತ್ತೆ ಗೊತ್ತಾ? ಖಾನಾವಳಿಯಲ್ಲಿ ನೂರು ರೂಪಾಯಿಗೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದವನು ಬಸ್‌ಸ್ಟ್ಯಾಂಡ್ ಎದುರಿನ ದೊಡ್ಡ ಹೋಟೆಲಿಗೆ ಹೋಗಿ ಕ್ಯಾಷಿಯರ್ ಹತ್ತಿರ ಬಿಲ್ ಕೇಳ್ತಾನೆ. ಕ್ಯಾಷಿಯರ್ ಪೆನ್ನು ತೆಗೆದು ‘ಎಷ್ಟು ಬರೀಲಿ ಸಾರ್?’ ಅಂತಾನೆ. ನಾನು ಪಕ್ಕದ ಟೇಬಲ್‌ನಲ್ಲಿ ಕೂತು ಕಿವಿಯಾರೆ ಕೇಳಿದ್ದೀನಿ. ನೂರು ಖರ್ಚಾದ ಕಡೆ ನೂರಾ ಎಂಬತ್ತರ ಚೆಂದದ ಬಿಲ್ ನಿಮ್ಮ ಮೇಜಿಗೆ ಬರುತ್ತೆ. ಕಾಗದ ಸರಿ, ವಿಷಯ ಸುಳ್ಳು. ನೀವೇ ಸುಳ್ಳು ಬಿಲ್‌ಗೆ ದಾರಿ ಮಾಡಿಕೊಟ್ಟ ಹಾಗೆ.

ವೋಚರ್ ವನಜ

ಹಾಗಾದ್ರೆ ಏನೂ ಕೇಳದೆ ಕೊಟ್ಟುಬಿಡಬೇಕಾ? ಆಟೋ 350 ಅಂತ ಬರೆದಿದ್ದಾರೆ, 150 ಆಗಿದ್ದರೆ?

ಲೆಕ್ಕದಕ್ಕ

ಕೇಳಿ, ಆದರೆ ಇರೋದನ್ನ ಕೇಳಿ. ಒಂದು ಹಾಳೆ. ಯಾವ ದಿನ, ಎಲ್ಲಿಂದ ಎಲ್ಲಿಗೆ, ಯಾವ ಕೆಲಸ, ಎಷ್ಟು. ಕೆಳಗೆ ಅವನ ಸಹಿ, ಅವನನ್ನ ಕಳಿಸಿದ ಸೂಪರ್‌ವೈಸರ್ ಸಹಿ. ಸೂಪರ್‌ವೈಸರ್‌ಗೆ ಗೊತ್ತಿರುತ್ತೆ, ರಾಯಚೂರು ಬಸ್‌ಸ್ಟ್ಯಾಂಡಿಂದ ಆ ಮಿಲ್ ಎಷ್ಟು ದೂರ ಅಂತ. ನಿಮಗೆ ಗೊತ್ತಿರಲ್ಲ. ಸರ್ವಿಸ್ ರಿಪೋರ್ಟ್‌ನಲ್ಲಿ ಮಿಲ್‌ನವರು ಹಾಕಿದ ಸಹಿ ತಾರೀಖೂ ಈ ಹಾಳೆಯ ತಾರೀಖೂ ಒಂದೇನಾ ನೋಡಿ. ಅದಕ್ಕಿಂತ ಒಳ್ಳೇ ಸಾಕ್ಷಿ ಬೇರೆ ಇಲ್ಲ. ನನ್ನ ಲೆಕ್ಕದ ಒಂದು ಕಡೆ ದಿನಕ್ಕೆ 500ರ ತನಕ ಬಿಲ್ ಇಲ್ಲದೆ ಹೀಗೇ ನಡೀತಿದೆ.

ವೋಚರ್ ವನಜ

500 ಜಾಸ್ತಿ ಆಯ್ತು. ನಮ್ಮಲ್ಲಿ ಹದಿನೆಂಟು ಜನ ಫೀಲ್ಡ್‌ನಲ್ಲಿ ಇದ್ದಾರೆ. 500 ಅಂತ ಹೇಳಿದ ದಿನದಿಂದ ಎಲ್ಲರ ಆಟೋನೂ ಸರಿಯಾಗಿ 490 ಆಗುತ್ತೆ, ನೋಡ್ತಾ ಇರಿ. ನಾನು 200 ದಾಟಿದರೆ ಒಪ್ಪಲ್ಲ.

ಸಿಂಧನೂರು ಟವರ್

ನಾನೂ ಫೀಲ್ಡ್‌ನವನೇ, ಮೊಬೈಲ್ ಟವರ್ ಕೆಲಸ. 200ರಲ್ಲಿ ಮಸ್ಕಿಯಿಂದ ಒಳಗಿನ ಹಳ್ಳಿಗೆ ಹೋಗಿ ಬರೋಕೆ ಯಾವ ಆಟೋದವನು ಬರ್ತಾನೆ ಮೇಡಂ, ಒಂದ್ಸಲ ನೀವೇ ಬಂದು ಕೇಳಿ ನೋಡಿ. ಬೈಕಲ್ಲಿ ಹೋದರೆ ಪೆಟ್ರೋಲ್ ಬಿಲ್‌ಗೂ ನಮ್ಮ ಆಫೀಸಲ್ಲಿ ಜಿಎಸ್‌ಟಿ ಇಲ್ಲ ಅಂತ ಗುರುತು ಹಾಕಿ ಇಡ್ತಾರೆ. ಪೆಟ್ರೋಲಿಗೆ ಜಿಎಸ್‌ಟಿ ಬಂದಿಲ್ಲ ಅಂತ ಟಿವಿಯಲ್ಲಿ ದಿನಾ ಹೇಳ್ತಾರೆ, ಇವರೊಬ್ಬರಿಗೇ ಕೇಳ್ಸಿಲ್ಲ. ಬಂಕ್ ಚೀಟಿ ಬೇರೆ ಒಂದು ವಾರದಲ್ಲಿ ಬೆಳ್ಳಗಾಗುತ್ತೆ. ಈ ಬಿಸಿಲಿಗೆ ಬೈಕ್ ಡಿಕ್ಕಿಯಲ್ಲಿಟ್ಟರೆ ಎರಡೇ ದಿನ. ಈಗ ಬಂಕ್‌ನಲ್ಲೇ ನಿಂತು ಫೋಟೋ ಹೊಡ್ಕೋತೀನಿ, ಮೀಟರ್ ಕಿಲೋಮೀಟರ್ ಕಾಣೋ ಹಾಗೆ ಇನ್ನೊಂದು.

ಆಡಿಟ್ ಹುಡುಗ

ಯುಪಿಐ ಸ್ಕ್ರೀನ್‌ಶಾಟ್ ಕೊಟ್ಟರೆ ಸಾಕಲ್ವಾ?

ಲೆಕ್ಕದಕ್ಕ

ದುಡ್ಡು ಹೋಗಿದೆ ಅಂತ ತೋರಿಸುತ್ತೆ, ಏನಕ್ಕೆ ಅಂತ ತೋರಿಸಲ್ಲ. ಅರ್ಧ ಜನರಿಗೆ ಅಂಗಡಿ ಹೆಸರಲ್ಲ, ಅಂಗಡಿಯವನ ಹೆಂಡತಿ ಹೆಸರು ಬರುತ್ತೆ. ಚೀಟಿ ಜೊತೆ ಇಟ್ಟರೆ ಒಳ್ಳೇದು, ಚೀಟಿ ಬದಲಿಗೆ ಅಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ನಮ್ಮ ಕಡೆ ಎಷ್ಟೋ ಅಂಗಡಿಯವರು ನಗದು ಕೊಡಿ ಅಂತಾರೆ, ಅದನ್ನೂ ನೆನಪಿಟ್ಟುಕೊಳ್ಳಿ.

ಬೇರಿಂಗ್ ಬಳ್ಳಾರಿ

ನಿನ್ನೆ ರಾಯಚೂರಿಗೆ ಹೋಗಿದ್ದೆ, ಬೇರೆ ಕೆಲಸಕ್ಕೆ. ಬೇರಿಂಗ್ ಅಂಗಡಿಗೂ ಹೋದೆ. ಹಳದಿ ಚೀಟಿ ತೋರಿಸಿ, ಕಂಪನಿ ನಂಬರ್ ಕೊಟ್ಟು, ಪಕ್ಕಾ ಬಿಲ್ ಕೊಡಿ ಅಂದೆ. ಅವರು ನಕ್ಕು ‘ಕೊಡೋಣ, 850 ಕೊಡ್ರಿ’ ಅಂದರು. ಯಾಕೆ ಅಂದೆ. ‘4,720 ಅಂದ್ರೆ ಬಿಲ್ ಇಲ್ಲದ ರೇಟು. ಬಿಲ್ ಬೇಕು ಅಂದ್ರೆ ಅದರ ಮೇಲೆ ಹದಿನೆಂಟು ಪರ್ಸೆಂಟು’ ಅಂತ. ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು, 849.60.

ಅಂದರೆ ನಾಲ್ಕು ಸಾವಿರ ಮತ್ತೆ 720 ಅಂತ ಲೆಕ್ಕ ಹಾಕಿದ್ವಲ್ಲ, ಅದು ಸುಮ್ನೆ ಹಾಗೆ ಹೊಂದಿಕೊಂಡಿತ್ತು ಅಷ್ಟೇ. ಒಳಗೆ ತೆರಿಗೆನೇ ಇರಲಿಲ್ಲ. ನಾನು ಏನೂ ಕೊಡದೆ ವಾಪಸ್ ಬಂದೆ. ಈಗ 850ನೂ ನಾನೇ ಕೈಯಿಂದ ಹಾಕಬೇಕಾ?

ಗಂಗಾವತಿ ಗಿರಣಿ

ನಾನು ಹೇಳಿದ ಹಾಗೆ ಬರೆದಿದ್ದರೆ ಈಗ 720 ಸುಳ್ಳು ಕ್ರೆಡಿಟ್ ಆಗ್ತಿತ್ತು. ತಪ್ಪಾಯ್ತು ಅಕ್ಕಾ.

ಲೆಕ್ಕದಕ್ಕ

ನಾನೂ ಒಳಗೆ ತೆರಿಗೆ ಇರಬಹುದು ಅಂತಲೇ ಅಂದುಕೊಂಡಿದ್ದೆ, ನನಗೂ ಇದು ಪಾಠ.

ಬೇರಿಂಗ್, ನಿಮ್ಮ ಕೈಯಿಂದ ಹಾಕಬೇಡಿ. ಲೆಕ್ಕ ನೋಡಿ. ಪಕ್ಕಾ ಬಿಲ್ ಆದರೆ 4,720ಕ್ಕೆ 849.60 ಸೇರಿ 5,569.60. ಕಂಪನಿ ಅಷ್ಟೂ ಕೊಡುತ್ತೆ, ಅಂಗಡಿಯವನು ರಿಟರ್ನ್‌ನಲ್ಲಿ ತೋರಿಸಿದ ಮೇಲೆ 849.60 ಕ್ರೆಡಿಟ್ ಆಗಿ ಬರುತ್ತೆ. ಕೊನೆಗೆ ಕಂಪನಿಗೆ ಬಿದ್ದ ಖರ್ಚು ಅದೇ 4,720. ಅಂದರೆ ಬಿಲ್ ಇಲ್ಲದ ರೇಟಿನಿಂದ ನಿಮ್ಮ ಕಂಪನಿಗೆ ಒಂದು ರೂಪಾಯಿ ಉಳಿದಿರಲಿಲ್ಲ, ದಾಖಲೆ ಮಾತ್ರ ಹೋಗಿತ್ತು. ಉಳಿದದ್ದು ಅಂಗಡಿಯವನಿಗೆ. ಮನೆಗೆ ಫ್ಯಾನ್ ಬೇರಿಂಗ್ ತಗೊಳ್ಳೋವಾಗ ‘ಬಿಲ್ ಬೇಡ, ಕಡಿಮೆ ಮಾಡಿ’ ಅಂತೀವಲ್ಲ, ಅದೇ ಅಭ್ಯಾಸದಲ್ಲಿ ಹುಡುಗರು ಕಂಪನಿ ದುಡ್ಡು ಉಳಿಸಿದೆ ಅಂದುಕೊಂಡು ಹೀಗೆ ತರ್ತಾರೆ. ಬಿಡಿಭಾಗ ತರೋಕೆ ಕಳಿಸೋ ಮುಂಚೆ ಅಕೌಂಟ್ಸ್‌ನವರು ಇದನ್ನ ಒಂದು ಮಾತು ಹೇಳಿದ್ದರೆ ಮುಗೀತಿತ್ತು.

ಒಂದು ಎಚ್ಚರ. ಹಳೇ ತಾರೀಖು ಹಾಕಿಸಬೇಡಿ. ಅವರ ಬಿಲ್ ಸರಣಿಯಲ್ಲಿ ಹಳೇ ನಂಬರ್ ಖಾಲಿ ಇರಲ್ಲ. ಇದ್ದರೆ ಅದೇ ಅನುಮಾನ. ಇವತ್ತಿನ ತಾರೀಖು ಹಾಕಿ, ಎಸ್ಟಿಮೇಟ್ ಚೀಟಿಯ ತಾರೀಖನ್ನ ಕೆಳಗೆ ಬರೆಯಲಿ. ತಡವಾಗಿ ಬಿಲ್ ಮಾಡಿದ್ದಕ್ಕೆ ಉತ್ತರ ಅವರು ಕೊಡಬೇಕು.

ವೋಚರ್ ವನಜ

ಅದನ್ನ ನಾನು ಒಪ್ಪಲ್ಲ ಅಕ್ಕಾ. ಸಾಮಾನು ನಲವತ್ತು ದಿನ ಮುಂಚೆ ಬಂದು ಮಿಲ್‌ಗೆ ಹಾಕಿ ನಮ್ಮ ಸೇಲ್ಸ್ ಬಿಲ್ಲೂ ಆಗಿದೆ. ಕೊಂಡ ಬಿಲ್ ಮಾರಿದ ಬಿಲ್ಲಿಗಿಂತ ಆಮೇಲಿನ ತಾರೀಖಲ್ಲಿದ್ದರೆ ಸ್ಟಾಕ್ ಮೈನಸ್ ತೋರಿಸುತ್ತೆ. ಆಡಿಟರ್ ಮೊದಲು ಕೇಳೋದೇ ಅದನ್ನ. ನಾನಾಗಿದ್ದರೆ ಇದೊಂದನ್ನ ಬಿಲ್ ಇಲ್ಲದ ಖರ್ಚು ಅಂತಲೇ ಎಂಡಿ ಹತ್ತಿರ ಸಹಿ ಹಾಕಿಸಿ 4,720 ಕೊಟ್ಟು ಮುಗಿಸ್ತಿದ್ದೆ, ಮುಂದಿನ ಸಲದಿಂದ ಎಸ್ಟಿಮೇಟ್ ಚೀಟಿ ತಂದರೆ ಇಲ್ಲ ಅಂತ ಬರವಣಿಗೆಯಲ್ಲಿ ಹೇಳಿ.

ಲೆಕ್ಕದಕ್ಕ

ಅದೂ ಒಂದು ದಾರಿ. ಆದರೆ ಯಾರ ಬಿಲ್ ಅಂತಲೇ ಗೊತ್ತಿಲ್ಲದ ಚೀಟಿ ಮೇಲೆ ಎಂಡಿ ಸಹಿ ಹಾಕಿದರೆ ಅದು ಸಾಕ್ಷಿ ಆಗಲ್ಲ. ಕೊನೇಪಕ್ಷ ಮಿಲ್‌ಗೆ ಹಾಕಿದ ಬೇರಿಂಗ್ ನಂಬರ್ ಇರೋ ಸರ್ವಿಸ್ ರಿಪೋರ್ಟ್ ಜೊತೆಗೆ ಹಚ್ಚಿ. ಸ್ಟಾಕ್ ಮೈನಸ್‌ಗೆ ಟಿಪ್ಪಣಿ ಬರೆದರೆ ಆಯ್ತು ಅಂತ ನನಗೆ ಈಗಲೂ ಅನಿಸುತ್ತೆ.

ಬೇರಿಂಗ್ ಬಳ್ಳಾರಿ

ಇವತ್ತಿನ ಸುದ್ದಿ. ಈ ಚರ್ಚೆ ಓದಿ ಒಂದೊಂದು ಬಿಲ್‌ಗೂ ಒಂದೊಂದು ಸಾಲು ಬರೆದು, ಸರ್ವಿಸ್ ರಿಪೋರ್ಟ್ ಜೆರಾಕ್ಸ್ ಹಚ್ಚಿ, ಸೂಪರ್‌ವೈಸರ್ ಸಹಿ ಹಾಕಿಸಿ ಮೇಡಂಗೆ ಕೊಟ್ಟೆ. ಆದೋನಿ ಬಿಲ್ ನೋಡಿ ಮೇಡಂ ತಾವೇ ‘ಅಯ್ಯೋ, ಇದು 37 ಅಲ್ವಾ’ ಅಂದರು. ಬೇರಿಂಗ್ ಬಿಟ್ಟು ಉಳಿದ 6,030 ಸಂಜೆ ಅಕೌಂಟಿಗೆ ಬಂತು. ರಾಯಚೂರು ಲಾಡ್ಜ್‌ನವರು ರಿಟರ್ನ್ ಹಾಕಿ ಆಯ್ತು, ಆಗಲ್ಲ ಅಂದರು. ಆ 140 ಹೋಯ್ತು. ಮೇಡಂ ಅದನ್ನೂ ಲಾಡ್ಜ್ ಖರ್ಚಿಗೇ ಸೇರಿಸಿದರು.

ಬೇರಿಂಗ್ ಚೀಟಿ ಇನ್ನೂ ಅವರ ಟ್ರೇಯಲ್ಲೇ ಇದೆ. 850 ಕೊಡೋದಾ, ತಾರೀಖು ಯಾವುದು ಹಾಕೋದು, ಆಡಿಟರ್‌ನ ಕೇಳಿ ಹೇಳ್ತೀನಿ ಅಂದಿದ್ದಾರೆ. ಕಂಪನಿ ಕಾರ್ಡ್ ವಿಷಯ ಹೇಳಿದೆ, ಪ್ರಿಂಟಿಗೆ ಕೊಡ್ತಾರಂತೆ.

ಸಿಂಧನೂರು ಟವರ್

ಅಣ್ಣ, ಆ ಒಂದೊಂದು ಸಾಲು ಬರೆದ ಹಾಳೆಯ ಫೋಟೋ ಇಲ್ಲಿ ಹಾಕ್ತೀಯಾ? ನಮ್ಮ ಆಫೀಸಲ್ಲಿ ನಂದು ಮೂರು ತಿಂಗಳ ಪೆಟ್ರೋಲ್ ಬಾಕಿ ಇದೆ. ಹೆಸರು, ಫೋನ್ ನಂಬರ್ ಮುಚ್ಚಿ ಹಾಕು.